ಅಪ್ಪನಿಗೆ: ಅತ್ತೆಯ ವಕೀಲರು ಕಳಿಸಿರುವ ನೋಟಿಸಿನ ಸಾರಾಂಶ

ಅಪ್ಪ,

ಮೊದಲು ನಿಮ್ಮ ಭಯ ಹೋಗಲಿ. ಇದು ಕೋರ್ಟಿನಿಂದ ಬಂದ ಕಾಗದವಲ್ಲ. ಅತ್ತೆಯ ಪರವಾಗಿ ಕೋಲಾರದ ವಕೀಲರೊಬ್ಬರು ಬರೆದಿರುವ ಪತ್ರ. ಇದರಲ್ಲಿ ಕೋರ್ಟಿನ ಮೊಹರಿಲ್ಲ, ಕೇಸ್ ನಂಬರಿಲ್ಲ. ಇದನ್ನು ಹಿಡಿದುಕೊಂಡು ಯಾರೂ ಬಂದು ತೋಟಕ್ಕೆ ಕಾಲಿಡುವ ಹಾಗಿಲ್ಲ, ಮನೆಗೆ ಬೀಗ ಹಾಕುವ ಹಾಗಿಲ್ಲ. ಪೊಲೀಸರಿಗೂ ಇದಕ್ಕೂ ಸಂಬಂಧವೇ ಇಲ್ಲ. ಒಂಬತ್ತು ಪುಟ ಇಂಗ್ಲಿಷ್ ಇದೆ ಅಂತ ಗಾಬರಿಯಾಗಬೇಡಿ, ಹೇಳಿದ್ದನ್ನೇ ಮೂರು ಮೂರು ಸಲ ಹೇಳಿದ್ದಾರೆ. ಪೂರ್ತಿ ಓದಿ ನಿಮಗೆ ಬೇಕಾದಷ್ಟನ್ನು ಇಲ್ಲಿ ಬರೆದಿದ್ದೇನೆ.

ಅತ್ತೆ ಕೇಳುತ್ತಿರುವುದು ತಾತನ ಆಸ್ತಿಯಲ್ಲಿ ಮೂರನೇ ಒಂದು ಪಾಲು. ನಿಮಗೊಂದು, ಚಿಕ್ಕಪ್ಪನಿಗೊಂದು, ತನಗೊಂದು. ನೋಟಿಸ್ ನಿಮ್ಮಿಬ್ಬರ ಹೆಸರಿಗೂ ಬಂದಿದೆ. ಆಸ್ತಿ ಅಂತ ನಾಲ್ಕು ಬರೆದಿದ್ದಾರೆ: ಮಾವಿನ ತೋಟ, ಕೆರೆ ಪಕ್ಕದ ರಾಗಿ ಹೊಲ, ಊರಿನ ಮನೆ, ಮತ್ತು ನೀವು 2009ರಲ್ಲಿ ಶ್ರೀನಿವಾಸಪುರದಲ್ಲಿ ತೆಗೆದುಕೊಂಡ ಸೈಟು. ಅದಲ್ಲದೆ ಕಳೆದ ಮೂರು ವರ್ಷ ಮಾವಿನ ಫಸಲಿನಿಂದ ಬಂದ ದುಡ್ಡಿನ ಲೆಕ್ಕ ಕೊಡಿ, ಪಾಲಾಗುವವರೆಗೂ ಯಾವುದನ್ನೂ ಪರಭಾರೆ ಮಾಡಬೇಡಿ, ನೋಟಿಸಿನ ಖರ್ಚು 5,000 ರೂಪಾಯಿ ಕೊಡಿ ಎಂದಿದ್ದಾರೆ. ಖರ್ಚಿನ ಮಾತನ್ನು ಎಲ್ಲ ವಕೀಲರೂ ಬರೆಯುತ್ತಾರೆ, ಈಗ ಕೊಡಬೇಕಾಗಿಲ್ಲ.

ನೋಟಿಸಿನಲ್ಲಿ "ಮೋಸ", "ದುರುದ್ದೇಶ" ಅನ್ನುವ ಮಾತುಗಳಿವೆ. ಅವು ನಿಮ್ಮ ತಂಗಿಯ ಬಾಯಿಂದ ಬಂದ ಮಾತಲ್ಲ ಅಪ್ಪ, ವಕೀಲರ ಬರವಣಿಗೆ. ಅದನ್ನು ಮನಸ್ಸಿಗೆ ಹಚ್ಚಿಕೊಂಡು ಬಿಪಿ ಏರಿಸಿಕೊಳ್ಳಬೇಡಿ. ನಿಜವಾದ ಕಾರಣ ಏಳನೇ ಪುಟದಲ್ಲಿದೆ. ಚಿಕ್ಕಪ್ಪ ತನ್ನ ಭಾಗದ ತೋಟವನ್ನು ಲೇಔಟ್ ಮಾಡುವವರಿಗೆ ಮಾರಲು ಮಾತಾಡಿದ್ದಾನೆ, ಅಡ್ವಾನ್ಸ್ ತನಕ ಬಂದಿದೆ ಎಂದು ಅತ್ತೆಗೆ ಗೊತ್ತಾಗಿದೆ. ಮಾರಿಬಿಟ್ಟರೆ ಆಮೇಲೆ ಕೊಂಡವರ ಜೊತೆ ಕೋರ್ಟು ಅಲೆಯಬೇಕಾಗುತ್ತದಲ್ಲ, ಅದಕ್ಕೇ ಈಗ ಬರೆಸಿದ್ದಾರೆ. ನಿಮ್ಮ ಮೇಲೆ ಅವರಿಗೆ ಸಿಟ್ಟಿದೆ ಅಂತ ನನಗನ್ನಿಸುವುದಿಲ್ಲ.

ಇನ್ನು ಅವರು ಕೇಳುತ್ತಿರುವುದು ನ್ಯಾಯವೇ? ನಿಮಗೆ ಇಷ್ಟವಾಗದೇ ಇರಬಹುದು, ಆದರೂ ನೇರವಾಗಿ ಹೇಳುತ್ತೇನೆ. ತೋಟ, ಹೊಲ, ಮನೆ ಈ ಮೂರರಲ್ಲಿ ಅತ್ತೆಯ ಕಡೆ ಕಾನೂನು ಬಲವಾಗಿದೆ. "ಮದುವೆ ಮಾಡಿಕೊಟ್ಟ ಹೆಣ್ಣಿಗೆ ಪಾಲಿಲ್ಲ" ಎಂದು ನೀವು ಯಾವಾಗಲೂ ಹೇಳುವುದು ಒಂದು ಕಾಲಕ್ಕೆ ಸುಳ್ಳೇನಾಗಿರಲಿಲ್ಲ. 1994ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟರೂ, ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. ಆದರೆ 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಹೊಸ ತಿದ್ದುಪಡಿ ಬಂತು. ಮಗನಿಗೆ ಹುಟ್ಟಿನಿಂದ ಎಷ್ಟು ಹಕ್ಕೋ ಮಗಳಿಗೂ ಅಷ್ಟೇ, ಮದುವೆಯಾಗಿರಲಿ ಬಿಡಲಿ. ತಾತ 1996ರಲ್ಲೇ ಹೋದರಲ್ಲ ಅಂತ ನೀವು ಕೇಳಬಹುದು. ಆ ದಿನಕ್ಕೆ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿದೆ. ನೋಟಿಸಿನಲ್ಲಿ ಆ ತೀರ್ಪನ್ನೇ ಬರೆದಿದ್ದಾರೆ. ಅತ್ತೆಯ ಮದುವೆಗೆ ನಾವು ಮಾಡಿದ ಖರ್ಚು, ಹಾಕಿದ ಒಡವೆ ಇವುಗಳಿಂದ ಪಾಲು ತೀರಿದಂತೆ ಆಗುವುದಿಲ್ಲ.

ನಿಮ್ಮ ಹತ್ತಿರ ಇರುವ 1998ರ ಪಾಲುಪಟ್ಟಿ ಇಲ್ಲಿ ಮುಖ್ಯ. ಪಂಚಾಯಿತಿ ಸೇರಿಸಿ, ಛಾಪಾಕಾಗದದ ಮೇಲೆ ಬರೆಸಿ, ಐದು ಜನ ಹಿರಿಯರು ರುಜು ಹಾಕಿದ್ದು. ಅದರ ಮೇಲೆಯೇ ಮ್ಯುಟೇಷನ್ ಆಗಿ ಪಹಣಿಯಲ್ಲಿ ನೀವಿಬ್ಬರು ಬಂದಿರಿ. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಪಾಲನ್ನು 2005ರ ಕಾನೂನು ಕೆದಕುವುದಿಲ್ಲ, ಅದು ಸರಿ. ಆದರೆ ಆ ಪಾಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರಿಜಿಸ್ಟರ್ ಆಗಿರಬೇಕು ಅಥವಾ ಕೋರ್ಟಿನ ಡಿಕ್ರಿ ಆಗಿರಬೇಕು. ನಮ್ಮದು ಎರಡೂ ಅಲ್ಲ. ಬಾಯಿಮಾತಿನ ಪಾಲಿಗೆ ಸರ್ಕಾರಿ ದಾಖಲೆಯ ಬಲವಾದ ಆಧಾರವಿದ್ದರೆ ಅಪರೂಪಕ್ಕೆ ಒಪ್ಪಬಹುದು ಎಂದು ಅದೇ ತೀರ್ಪಿನಲ್ಲಿ ಇದೆ, ಪಹಣಿ ತೋರಿಸಿ ವಾದ ಮಾಡಬಹುದು. ಆದರೆ ಅತ್ತೆಯ ರುಜುವೇ ಇಲ್ಲದ ಆ ಕಾಗದವನ್ನು ನಂಬಿಕೊಂಡು ವರ್ಷಗಟ್ಟಲೆ ಕೇಸು ನಡೆಸುವುದು ನನಗೆ ಸರಿ ಕಾಣುವುದಿಲ್ಲ.

ಸೈಟಿನ ವಿಷಯ ಬೇರೆ. ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ. ಬಸ್ಸು ಓಡಿಸಿ ರಿಟೈರ್ ಆದಾಗ ಬಂದ ಪಿಎಫ್, ಗ್ರಾಚ್ಯುಟಿ ದುಡ್ಡಿನಲ್ಲಿ ನೀವು ನಿಮ್ಮ ಹೆಸರಿಗೆ ಕ್ರಯ ಮಾಡಿಸಿಕೊಂಡದ್ದು. ತೋಟದ ಆದಾಯದಿಂದ ಕೊಂಡಿದ್ದೀರಿ ಎಂದು ನೋಟಿಸಿನಲ್ಲಿ ಸೇರಿಸಿಬಿಟ್ಟಿದ್ದಾರೆ. ಕುಟುಂಬದ ದುಡ್ಡಿನಿಂದ ಕೊಂಡದ್ದು ಅನ್ನುವವರು ಮೊದಲು ಅಷ್ಟು ದುಡ್ಡು ಕುಟುಂಬಕ್ಕೆ ಬರುತ್ತಿತ್ತು ಎಂದು ತೋರಿಸಬೇಕು. ಆ ವರ್ಷದ ನಿಮ್ಮ ಬ್ಯಾಂಕ್ ಪಾಸ್‌ಬುಕ್ ಸಿಕ್ಕರೆ ಸಾಕು, ರಿಟೈರ್‌ಮೆಂಟ್ ಹಣ ಬಂದ ತಿಂಗಳೂ ಕ್ರಯದ ತಾರೀಖೂ ಅಕ್ಕಪಕ್ಕ ನಿಲ್ಲುತ್ತವೆ.

ಎಂಟನೇ ಪುಟದಲ್ಲಿ ಚಕ್ಕುಬಂದಿ ಇದೆ, ಅಲ್ಲಿ ಎರಡು ತಪ್ಪುಗಳಿವೆ. ತೋಟ 2 ಎಕರೆ 20 ಗುಂಟೆ ಎಂದು ಬರೆದಿದ್ದಾರೆ. ಪಹಣಿಯಲ್ಲಿ ಖರಾಬು 6 ಗುಂಟೆ ಕಳೆದು ಉಳಿಯುವುದು 2 ಎಕರೆ 14 ಗುಂಟೆ. ಉತ್ತರಕ್ಕೆ ಕಾಲುದಾರಿ ಅಂತ ಹಾಕಿದ್ದಾರೆ, ಅಲ್ಲಿರುವುದು ರಾಜಕಾಲುವೆ. ಸಣ್ಣ ವಿಷಯ ಅಂತ ಬಿಡಬೇಡಿ, ನೋಟಿಸಿಗೆ ಕೊಡುವ ಉತ್ತರದಲ್ಲಿ ಇದನ್ನು ಬರೆಸಲೇಬೇಕು. ನಾಳೆ ಪಾಲು ಅಳೆಯುವಾಗ ಆ 6 ಗುಂಟೆ ಯಾರ ತಲೆಗೆ ಬರುತ್ತದೋ.

ಕೊನೆಯ ಪುಟದ ಕೊನೆಯ ಪ್ಯಾರಾ ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯದ್ದಾಗಿ ಕಂಡಿತು. ಹಿರಿಯಣ್ಣನಾದ ನೀವು ಕೂತು ಮಾತಾಡಿ ಬಗೆಹರಿಸುವುದಾದರೆ ಅತ್ತೆ ತಯಾರಿದ್ದಾರೆ ಎಂದು ಅಲ್ಲಿ ಬರೆದಿದೆ. ಎಲ್ಲ ವಕೀಲರೂ ಹೀಗೆ ಬರೆಯಬಹುದು, ಆದರೆ "ಹಿರಿಯಣ್ಣ" ಅನ್ನುವುದನ್ನು ಅತ್ತೆಯೇ ಹೇಳಿ ಬರೆಸಿರಬೇಕು. ನೀವು ಮುಂದೆ ನಿಂತರೆ ಇದು ಕೋರ್ಟು ಹತ್ತದೆ ಮುಗಿಯುತ್ತದೆ. ಮೂವರೂ ಒಪ್ಪಿದರೆ ವಿಭಾಗ ಪತ್ರ ಬರೆಸಿ, ಈ ಸಲ ತಪ್ಪದೆ ರಿಜಿಸ್ಟರ್ ಮಾಡಿಸೋಣ. ಚಿಕ್ಕಪ್ಪ ಹಟ ಹಿಡಿದರೆ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಕೇಸು ಹಾಕುವ ಮುಂಚೆಯೇ ಲೋಕ ಅದಾಲತ್ತಿಗೆ ತರಬಹುದು. ಅಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಮೇಲೆ ಅಪೀಲೂ ಇಲ್ಲ.

ನೋಟಿಸ್ ನಿಮ್ಮ ಕೈಗೆ ಬಂದದ್ದು ನವೆಂಬರ್ 7ಕ್ಕೆ. 15 ದಿನ ಕೊಟ್ಟಿದ್ದಾರೆ, ಅಂದರೆ 22ರವರೆಗೆ. ಉತ್ತರ ಕೊಡದಿದ್ದರೆ ಶಿಕ್ಷೆಯೇನಿಲ್ಲ, ಆದರೆ ಸುಮ್ಮನಿದ್ದರೆ ಮುಂದೆ "ಏನೂ ಹೇಳಲಿಲ್ಲ, ಒಪ್ಪಿಕೊಂಡ ಹಾಗೆ" ಎನ್ನುತ್ತಾರೆ. ಚಿಕ್ಕಪ್ಪ "ಹರಿದು ಬಿಸಾಕು" ಅಂದದ್ದನ್ನು ಕೇಳಬೇಡಿ. ಮುಂದೆ ಕೋರ್ಟಿನಿಂದಲೇ ಸಮನ್ಸ್ ಬಂದರೆ ಮಾತ್ರ ಅದೇ ದಿನ ನನಗೆ ಫೋನ್ ಮಾಡಿ, ಅದಕ್ಕೆ ಉತ್ತರ ಹಾಕಲು 30 ದಿನವಷ್ಟೇ ಇರುತ್ತದೆ.

ನಾನು ಬರುವವರೆಗೆ ಯಾರು ಯಾವ ಕಾಗದ ತಂದರೂ ರುಜು ಹಾಕಬೇಡಿ, ಹೆಬ್ಬೆಟ್ಟೂ ಒತ್ತಬೇಡಿ, ಚಿಕ್ಕಪ್ಪ ತಂದರೂ ಅಷ್ಟೇ. ಲೇಔಟಿನವರು ಬಂದರೆ ಮಗಳು ಬರಲಿ ಅನ್ನಿ. ಮಾವಿನ ತೋಟದ ಕೆಲಸ ನಿಲ್ಲಿಸಬೇಡಿ, ಔಷಧಿ ಹೊಡೆಸುವುದಿದ್ದರೆ ಹೊಡೆಸಿ, ಆದರೆ ಕೂಲಿಗೆ, ಔಷಧಿಗೆ ಕೊಟ್ಟದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡಿ. ಅತ್ತೆ ಫೋನ್ ಮಾಡಿದರೆ ಮಾತಾಡಿ, ಆರೋಗ್ಯ ವಿಚಾರಿಸಿ, ಆಸ್ತಿ ಮಾತು ಬಂದರೆ "ಕೂತು ಮಾತಾಡೋಣಮ್ಮ" ಅಷ್ಟೇ ಹೇಳಿ.

ಮಂಗಳವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಹನ್ನೊಂದು ಗಂಟೆಗೆ ನಮ್ಮ ವಕೀಲರು ಬರಹೇಳಿದ್ದಾರೆ. ಪಾಲುಪಟ್ಟಿಯ ಅಸಲು, ಸೈಟಿನ ಕ್ರಯಪತ್ರ, ತಾತನ ಮರಣ ಪತ್ರ, ಹಳೇ ಪಾಸ್‌ಬುಕ್ ತೆಗೆದಿಡಿ. ನೋಟಿಸ್ ಬಂದ ಕವರ್ ಕೂಡ ಬೇಕು, ಅಂಚೆಯ ತಾರೀಖು ಅದರ ಮೇಲಿದೆ. ಹೊಸ ಪಹಣಿ ನಾಡಕಚೇರಿಯಲ್ಲಿ ನಾನೇ ತೆಗೆಸುತ್ತೇನೆ, ನೀವು ಅದಕ್ಕಾಗಿ ಬಿಸಿಲಿನಲ್ಲಿ ಹೋಗಬೇಡಿ.

ನಿಮ್ಮ ದೊಡ್ಡ ಮಗಳು