ನೀಲಿ ಸೂಟ್‌ಕೇಸ್

ಗೌರಮ್ಮ ಮಗಳ ಸೀಮಂತಕ್ಕೆ ತಿಪಟೂರಿನಿಂದ ಹೊರಟಿದ್ದರು. ರೈಲು ಬೆಂಗಳೂರಿಗೆ ಹೋಗುವುದು, ಅವರು ಇಳಿಯಬೇಕಾದದ್ದು ತುಮಕೂರಿನಲ್ಲಿ. ಗುಬ್ಬಿ ದಾಟಿದ ಕೂಡಲೇ ಎದ್ದು ಬಾಗಿಲ ಹತ್ತಿರ ಬಂದರು. ತುಮಕೂರು ಬಂದಾಗ ಹತ್ತುವವರ ನೂಕುನುಗ್ಗಲು ಜಾಸ್ತಿ ಇತ್ತು. ಎದುರು ಸೀಟಿನ ಹುಡುಗ "ನೀವು ಇಳೀರಿ ಅಮ್ಮ, ನಾನು ಕೊಡ್ತೀನಿ" ಎಂದು ನೀಲಿ ಸೂಟ್‌ಕೇಸ್ ಇಳಿಸಿಕೊಟ್ಟ.

ರೈಲು ಹೊರಟಿತು. ಗೌರಮ್ಮ ಸೂಟ್‌ಕೇಸ್ ಎತ್ತಿಕೊಂಡರು. ಹಿಡಿಯಲ್ಲಿ ಕೆಂಪು ಬಟ್ಟೆ ಇರಲಿಲ್ಲ! ಮನೆಯಿಂದ ಹೊರಡುವಾಗ, ಗುರುತಿಗೆ ಇರಲಿ ಎಂದು, ಹಳೇ ರವಿಕೆಯ ಅಂಚು ಹರಿದು ಅವರೇ ಎರಡು ಗಂಟು ಹಾಕಿ ಕಟ್ಟಿದ್ದರು.

"ಅಯ್ಯೋ, ಇದು ನಮ್ದಲ್ಲ!"

ಅವರ ಸೂಟ್‌ಕೇಸಿನಲ್ಲಿ ಮಗಳಿಗೆ ತಂದ ಹಸಿರು ರೇಷ್ಮೆ ಸೀರೆ, ಹಸಿರು ಬಳೆ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಇದ್ದವು. ಸೀಮಂತ ಮರುದಿನವೇ ಇತ್ತು. ಕರೆದುಕೊಂಡು ಹೋಗಲು ಬಂದಿದ್ದ ಅಳಿಯ "ಗಾಬರಿ ಆಗ್ಬೇಡಿ ಅತ್ತೆ" ಎಂದು ಅವರನ್ನು ರೈಲ್ವೆ ಪೊಲೀಸರ ಹತ್ತಿರ ಕರೆದುಕೊಂಡು ಹೋದ.

ಅಲ್ಲಿದ್ದ ಮಹಿಳಾ ಪೊಲೀಸ್ ಮೊದಲು ಟಿಕೆಟ್ ನೋಡಿ ಬೋಗಿ ಮತ್ತು ಸೀಟಿನ ನಂಬರ್ ಬರೆದುಕೊಂಡರು. ಆಮೇಲೆ ಇಬ್ಬರ ಎದುರಿನಲ್ಲೇ ಸೂಟ್‌ಕೇಸ್ ತೆರೆದರು. ಇಸ್ತ್ರಿ ಮಾಡಿದ ಬಿಳಿ ಶರ್ಟ್, ಪೇಪರಿನಲ್ಲಿ ಸುತ್ತಿದ ಹೊಸ ಶೂ, ಅವುಗಳ ಕೆಳಗೆ ಒಂದು ಫೈಲ್. ಫೈಲಿನಲ್ಲಿ ಹತ್ತನೇ ತರಗತಿಯಿಂದ ಡಿಗ್ರಿವರೆಗಿನ ಮಾರ್ಕ್ಸ್ ಕಾರ್ಡುಗಳಿದ್ದವು, ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಇಂಟರ್‌ವ್ಯೂಗೆ ಬರಬೇಕು ಎನ್ನುವ ಪತ್ರವೂ ಇತ್ತು. ಗೌರಮ್ಮ ತಮ್ಮ ಸೀರೆಯನ್ನೇ ಮರೆತರು.

"ಸೀರೆ ಹೋದ್ರೆ ಇನ್ನೊಂದು ತರಬಹುದು. ಪಾಪ, ಈ ಮಗು ಇದನ್ನೆಲ್ಲ ಎಲ್ಲಿಂದ ತರ್ತಾನೆ? ಬೇಗ ಫೋನ್ ಮಾಡಮ್ಮ."

ಅರ್ಜಿಯಲ್ಲಿ ಅವನ ನಂಬರ್ ಇತ್ತು. ಎರಡು ಸಲ ಸಿಗ್ನಲ್ ಸಿಗಲಿಲ್ಲ. ಮೂರನೇ ಸಲ ಹುಡುಗ ಫೋನ್ ಎತ್ತಿದ.

"ಇಲ್ಲ ಮೇಡಂ, ನನ್ನ ಸೂಟ್‌ಕೇಸ್ ಇಲ್ಲೇ ಮೇಲಿದೆ."

"ಹಿಡಿಗೆ ಕೆಂಪು ಬಟ್ಟೆ ಕಟ್ಟಿದೆಯಾ, ನೋಡಿ."

ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ "ಹೌದು, ಇದೆ. ಅಯ್ಯೋ, ಆ ಅಮ್ಮನಿಗೆ ನಾನೇ ಇಳಿಸಿಕೊಟ್ಟೆ" ಎಂದ.

ಅವನು ಯಶವಂತಪುರದಲ್ಲಿ ಇಳಿದು, ಅಲ್ಲಿಂದ ಸಿಕ್ಕಿದ ರೈಲು ಹತ್ತಿ ವಾಪಸ್ ಬಂದ. ಅಷ್ಟು ಹೊತ್ತೂ ಗೌರಮ್ಮ ಸ್ಟೇಷನ್ ಬಿಟ್ಟು ಕದಲಲಿಲ್ಲ. ಅಳಿಯ ಎಷ್ಟು ಸಲ ಹೇಳಿದರೂ "ಅವನ ಕೈಗೆ ಕೊಟ್ಟೇ ಬರ್ತೀನಿ" ಎಂದು ಬೆಂಚಿನ ಮೇಲೆ ಕೂತೇ ಇದ್ದರು.

ಹುಡುಗ ಓಡಿ ಬಂದು "ತಪ್ಪಾಯ್ತು ಅಮ್ಮ" ಎಂದ.

"ಅದಿರಲಿ, ಮೊದಲು ಫೈಲ್ ನೋಡಿಕೋ. ಎಲ್ಲಾ ಇದೆಯಾ?"

ಅವನು ಒಂದೊಂದೇ ಹಾಳೆ ನೋಡಿ ತಲೆಯಾಡಿಸಿದ.

"ಊಟ ಮಾಡಿದ್ಯಾ?"

ಮಾಡಿರಲಿಲ್ಲ. ಬೆಂಗಳೂರಿಗೆ ಸಂಜೆ ರೈಲಿತ್ತು. ಗೌರಮ್ಮ ಅವನನ್ನು ಮಗಳ ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿಸಿದರು, ಹೊರಡುವಾಗ ಕೊಬ್ಬರಿ ಮಿಠಾಯಿಯನ್ನೂ ಕಟ್ಟಿಕೊಟ್ಟರು.

"ಕೆಲಸ ಸಿಕ್ಕಿದ್ರೆ ಫೋನ್ ಮಾಡಪ್ಪ" ಎಂದು ಅಳಿಯನ ನಂಬರನ್ನು ಅವನ ಫೋನಿನಲ್ಲಿ ಹಾಕಿಸಿದರು.