ತಗ್ಗು ತುರುಪು: ನಾಲ್ಕು ಜನರ ಇಸ್ಪೀಟು ಆಟ

ಭೂಮಿ ಹುಣ್ಣಿಮೆಗೆ ತೀರ್ಥಹಳ್ಳಿ ಮನೆಗೆ ಬರುವವರಿಗೆಲ್ಲ ಮೊದಲೇ ಗೊತ್ತಿರಲಿ ಅಂತ ಈ ಹೊಸ ಆಟದ ನಿಯಮ ಬರೆದಿದ್ದೇನೆ.

ಇಪ್ಪತ್ತೆಂಟು ಆಟ ಗೊತ್ತಿರುವವರಿಗೆ ಇದು ಸುಲಭ. ಅದೇ 32 ಎಲೆ, ಏಳರಿಂದ ಎಕ್ಕದವರೆಗೆ. ಆದರೆ ಇಲ್ಲಿ ಎಕ್ಕವೇ ದೊಡ್ಡದು. ಆಮೇಲೆ ರಾಜ, ರಾಣಿ, ಗುಲಾಮ, ಹತ್ತು, ಹೀಗೆ ಇಳಿಯುತ್ತದೆ. ಜೋಡಿ ಇಲ್ಲ, ಎಲ್ಲರೂ ಒಂಟಿ. ತಲಾ 8 ಎಲೆ ಹಂಚಿ. ಹಂಚಿದವರ ಬಲಗಡೆಯವರು ಮೊದಲು ಇಳಿಯುತ್ತಾರೆ. ಅದೇ ಬಣ್ಣ ಇದ್ದರೆ ಹಾಕಲೇಬೇಕು. ಇಲ್ಲದಿದ್ದರೆ ಯಾವುದಾದರೂ ಸರಿ. ಸುತ್ತು ಗೆದ್ದವರು ಮುಂದಿನದಕ್ಕೆ ಇಳಿಯುತ್ತಾರೆ.

ಇನ್ನು ತುರುಪು. ಇಪ್ಪತ್ತೆಂಟರಲ್ಲಿ ಜಾಸ್ತಿ ಕೂಗಿದವರೇ ತುರುಪು ಇಡುತ್ತಾರೆ. ಒಳ್ಳೆ ಎಲೆ ಬಂದವರ ಕೈ ಇನ್ನೂ ಬಲವಾಗುತ್ತದೆ. ಅದನ್ನು ತಿರುಗಿಸಬೇಕು ಅನ್ನೋದೇ ನನ್ನ ಆಸೆ. ಹಾಗಾಗಿ ಇಲ್ಲಿ ಸಣ್ಣ ಎಲೆ ತುರುಪು ಹೇಳುತ್ತದೆ. ಮೊದಲ ಸುತ್ತಿಗೆ ತುರುಪು ಇಲ್ಲ. ಅದು ಮುಗಿದ ಮೇಲೆ, ಬಿದ್ದ ನಾಲ್ಕರಲ್ಲಿ ತೀರಾ ಸಣ್ಣ ಎಲೆಯ ಬಣ್ಣವೇ ಮುಂದಿನ ಸುತ್ತಿನ ತುರುಪು. ಪ್ರತಿ ಸುತ್ತಿಗೂ ಹೀಗೇ ಹೊಸದಾಗಿ ನೋಡಬೇಕು. ಎರಡು ಏಳು ಬಿದ್ದರೆ ಕೊನೆಗೆ ಬಿದ್ದದ್ದು ಲೆಕ್ಕ.

ಆಟೀನ್ ರಾಣಿ ಇಳಿಯಿತು ಅನ್ನಿ. ಮೇಲೆ ಆಟೀನ್ ಎಕ್ಕ, ಆಟೀನ್ ಒಂಬತ್ತು ಬಿದ್ದವು. ನಾಲ್ಕನೆಯವರ ಹತ್ತಿರ ಆಟೀನ್ ಇಲ್ಲ, ಕಲಾವರ್ ಏಳು ಹಾಕಿದರು. ಸುತ್ತು ಎಕ್ಕದವರದ್ದು. ಆದರೆ ಈಗ ಕಲಾವರ್ ತುರುಪು! ಆ ನಾಲ್ಕನೆಯವರ ಕೈಯಲ್ಲಿ ಕಲಾವರ್ ರಾಜ ಇದ್ದರೆ, ಅವರು ಬೇಕಂತಲೇ ಲೆಕ್ಕ ಹಾಕಿ ಸೋತಿದ್ದು. ಎಲ್ಲರೂ ಆಟೀನನ್ನೇ ಹಾಕಿದ್ದರೆ ಆಟೀನೇ ತುರುಪು ಆಗುತ್ತಿತ್ತು. ಏಳನ್ನು ಸುಮ್ನೆ ಬಿಸಾಡಬೇಡಿ.

ಕೂಗುವುದು ಬಾಯಲ್ಲಿ ಅಲ್ಲ. ಎಷ್ಟು ಸುತ್ತು ಗೆಲ್ಲುತ್ತೀರೋ ಅಷ್ಟು ಅಡಿಕೆ ಮುಷ್ಟಿಯಲ್ಲಿ ಹಿಡಿಯಿರಿ. ಕಡಿಮೆ ಅಂದರೆ 1. ಎಲ್ಲರೂ ಒಟ್ಟಿಗೆ ಮುಷ್ಟಿ ಬಿಚ್ಚಬೇಕು. ಇನ್ನೊಬ್ಬರ ಕೂಗು ಕೇಳಿ ಹಿಂಜರಿಯುವ ಪ್ರಶ್ನೆಯೇ ಇಲ್ಲ. ಅಡಿಕೆಯನ್ನು ಆಟ ಮುಗಿಯುವವರೆಗೂ ಎದುರಿಗೇ ಇಡಿ, ಮಾತು ಬದಲಾಗಬಾರದು.

ಕೂಗಿದಷ್ಟು ಗೆದ್ದರೆ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ: 2ಕ್ಕೆ 4, 4ಕ್ಕೆ 16, 6ಕ್ಕೆ 36. ಜಾಸ್ತಿ ಗೆದ್ದ ಸುತ್ತಿಗೆ ಏನೂ ಇಲ್ಲ. ತಪ್ಪಿದರೆ ಕೂಗಿದ್ದರ ಎರಡರಷ್ಟು ಕಳೆಯುತ್ತದೆ: 2ಕ್ಕೆ 4, 4ಕ್ಕೆ 8, 6ಕ್ಕೆ 12. ಅಂದರೆ 2 ಕೂಗುವವರು ಎರಡಕ್ಕೊಂದು ಸಲ ಗೆದ್ದರೆ ಮಾತ್ರ ಸರಿಸಮ. 4 ಕೂಗುವವರಿಗೆ ಮೂರಕ್ಕೊಂದು ಸಲ ಗೆದ್ದರೂ ನಷ್ಟವಿಲ್ಲ. ಧೈರ್ಯಕ್ಕೆ ಬೆಲೆ ಬರಲಿ ಅಂತಲೇ ಹೀಗೆ ಇಟ್ಟಿದ್ದು. ಹಾಗಂತ ಕಣ್ಣುಮುಚ್ಚಿ 8 ಕೂಗಬೇಡಿ. ತುರುಪು ಪ್ರತಿ ಸುತ್ತಿಗೂ ಹೊಸದು, ಎಂಟೂ ಗೆಲ್ಲುವುದು ಬಹಳ ಕಷ್ಟ.

50 ಮುಟ್ಟಿದವರು ಗೆದ್ದರು. ಒಂದೇ ಆಟದಲ್ಲಿ ಇಬ್ಬರು ಮುಟ್ಟಿದರೆ ಅಂಕ ಜಾಸ್ತಿ ಇದ್ದವರು. ಅದೂ ಸಮವಾದರೆ ಆ ಆಟದಲ್ಲಿ ಜಾಸ್ತಿ ಅಡಿಕೆ ಹಿಡಿದವರು. ಅಲ್ಲೂ ಸಮ ಅಂದರೆ ಇನ್ನೊಂದು ಸಲ ಹಂಚಿ. ದುಡ್ಡು ಕಟ್ಟಿ ಆಡುವ ಹಾಗಿಲ್ಲ.