ಪ್ರಥಮ ಪಿಯುಸಿ ಇಂಗ್ಲಿಷ್: ‘ಇಫ್’ ವಾಕ್ಯಗಳು, ಒಂದು ವಾರದ ಪಾಠ ಯೋಜನೆ

ಚಿತ್ರದುರ್ಗ. ಕಲಾ ವಿಭಾಗ, 48 ವಿದ್ಯಾರ್ಥಿಗಳು, ದಿನಕ್ಕೊಂದು ಪೀರಿಯಡ್.

ಸೋಮವಾರ: ಕನ್ನಡದಿಂದಲೇ ಶುರು. ಬೋರ್ಡ್ ಮೇಲೆ ‘ಮಳೆ ಬಂದರೆ’, ‘ಮಳೆ ಬಂದಿದ್ದರೆ’. ‘ಬಂದರೆ’ ಒಳಗೆ ಭೂತಕಾಲದ ‘ಬಂದ’ ಕೂತಿದೆ, ಅಲ್ವಾ? ಅದಕ್ಕೇ ಮಕ್ಕಳು ‘ಇಫ್ ಇಟ್ ರೇನ್ಡ್, ಐ ವಿಲ್ ಸ್ಟೇ’ ಎಂದು ಬರೆಯುವುದು. ಇಲ್ಲಿ ಆತುರ ಬೇಡ. ‘ಇಫ್ ಇಟ್ ರೇನ್ಸ್, ಐ ವಿಲ್ ಸ್ಟೇ’ ಬಾಯಿಗೆ ಬರುವವರೆಗೆ ಹೇಳಿಸುವುದು.

ಮಂಗಳವಾರ: ಝೀರೋ ಕಂಡೀಷನಲ್. ‘ಇಫ್ ಯೂ ಹೀಟ್ ಐಸ್, ಇಟ್ ಮೆಲ್ಟ್ಸ್.’ 10 ನಿಮಿಷ ಸಾಕು. ಉಳಿದ ಹೊತ್ತು ಸೋಮವಾರದ ತಪ್ಪುಗಳಿಗೆ.

ಬುಧವಾರ: ಸೆಕೆಂಡ್. ‘ಇಫ್ ಐ ವರ್ ದ ಡಿಸಿ, ಐ ವುಡ್...’ ಇಬ್ಬಿಬ್ಬರಾಗಿ ಮಾತು. ಮಾತಲ್ಲಿ ‘ವಾಸ್’ ಬಂದರೆ ಬಿಟ್ಟುಬಿಡುವುದು, ಬರೆಯುವಾಗ ‘ವರ್’.

ಗುರುವಾರ, ಶುಕ್ರವಾರ: ಥರ್ಡ್. ಕೋಟೆಯ ಒನಕೆ ಓಬವ್ವನ ಕಿಂಡಿಯೇ ಪಾಠ. ‘ಇಫ್ ಓಬವ್ವ ಹ್ಯಾಡ್ ನಾಟ್ ಗಾನ್ ಫಾರ್ ವಾಟರ್, ಷಿ ವುಡ್ ನಾಟ್ ಹ್ಯಾವ್ ಸೀನ್ ದ ಸೋಲ್ಜರ್ಸ್.’ ಕಥೆ ಎಲ್ಲರಿಗೂ ಗೊತ್ತು, ವ್ಯಾಕರಣಕ್ಕೆ ಜಾಸ್ತಿ ಸಮಯ ಸಿಗುತ್ತದೆ. ಗುಂಪಿಗೆ 5 ವಾಕ್ಯ. ‘ಇಫ್’ ಪಕ್ಕದಲ್ಲೇ ‘ವುಡ್ ಹ್ಯಾವ್’ ಬರೆದರೆ ಪಕ್ಕದ ಗುಂಪು ತಿದ್ದಬೇಕು.

ಶನಿವಾರ: 10 ಅಂಕದ ಕಿರುಪರೀಕ್ಷೆ. ಕನ್ನಡ ವಾಕ್ಯ ಕೊಟ್ಟು ಇಂಗ್ಲಿಷಿಗೆ ತರಿಸುವುದು.